ಜೆರಾಕ್ಸ್ ಪ್ರತಿ ಕೊಡುವಾಗ ರೈತರು ವಹಿಸಬೇಕಾದ ಎಚ್ಚರಿಕೆ

ಮುಂಗಾರಿನ ಹದ ಬಿತ್ತೆಂದರೆ ನಮ್ಮ ರೈತರು ಪೇಟೆಗೆ ಹೊರಡುವಾಗ ಬೀಜದ ಚೀಲದ ಜೊತೆಗೆ ಒಂದು ಪ್ಲಾಸ್ಟಿಕ್ ಕವರನ್ನೂ ಒಯ್ಯುವುದು ಈಗ ಸಾಮಾನ್ಯವಾಗಿದೆ. ಅದರಲ್ಲಿ ಆಧಾರ್, ಪಹಣಿ, ಬ್ಯಾಂಕಿನ ಪಾಸ್ ಪುಸ್ತಕದ ಮೊದಲ ಪುಟ ಇವುಗಳ ನಾಲ್ಕಾರು ಜೆರಾಕ್ಸ್ ಪ್ರತಿಗಳೂ ಎರಡು ಫೋಟೋಗಳೂ ಇರುತ್ತವೆ. ಅಂಗಡಿಯವರು ಕೇಳಿದರೆ ಒಂದು ಪ್ರತಿ, ಸಾಲ ಕೊಡಿಸುವ ಏಜೆಂಟರು ಕೇಳಿದರೆ ಒಂದು ಪೂರ್ತಿ ಸೆಟ್. ಯಾತಕ್ಕೆ ಎಂದು ಕೇಳುವವರು ಕಡಿಮೆ. ಕೊಟ್ಟ ಪ್ರತಿ ಆಮೇಲೆ ಎಲ್ಲಿಗೆ ಹೋಯಿತು ಎಂದು ವಿಚಾರಿಸುವವರು ಇನ್ನೂ ಕಡಿಮೆ. ಇಂಥ ಪ್ರತಿಗಳಿಂದ ತೊಂದರೆ ಹೇಗೆ ಉಂಟಾಗುತ್ತದೆ, ಅದನ್ನು ತಗ್ಗಿಸುವ ಬಗೆ ಯಾವುದು ಎಂಬುದನ್ನು ಒಬ್ಬ ರೈತರ ಅನುಭವದ ಮೂಲಕ ಇಲ್ಲಿ ವಿವರಿಸಲಾಗಿದೆ.

ಒಂದು ಉದಾಹರಣೆ

ಹಾವೇರಿ ಜಿಲ್ಲೆಯ ಈ ರೈತರಿಗೆ ನಾಲ್ಕು ಎಕರೆ ಹತ್ತು ಗುಂಟೆ ಜಮೀನು. ಮೆಕ್ಕೆಜೋಳವೇ ಮುಖ್ಯ ಬೆಳೆ. 2024ರ ಜುಲೈ ತಿಂಗಳಲ್ಲಿ ಎರಡು ಮಿಶ್ರತಳಿ ಹಸು ಕೊಳ್ಳುವುದಕ್ಕಾಗಿ ಬ್ಯಾಂಕಿನಲ್ಲಿ 1,60,000 ರೂಪಾಯಿ ಸಾಲಕ್ಕೆ ಅರ್ಜಿ ಹಾಕಿದರು. ಬೆಳೆಸಾಲವನ್ನು ಪ್ರತಿ ವರ್ಷ ತಪ್ಪದೆ ಕಟ್ಟಿದವರು. ಅರ್ಜಿ ಮಂಜೂರಾಗುವುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಆದರೆ ವ್ಯವಸ್ಥಾಪಕರು ಅವರ ಸಾಲದ ವರದಿಯನ್ನು ತೆಗೆದು ನೋಡಿದಾಗ, ಖಾಸಗಿ ಹಣಕಾಸು ಸಂಸ್ಥೆಯೊಂದರಿಂದ 2023ರ ಫೆಬ್ರವರಿಯಲ್ಲಿ ಗೃಹೋಪಯೋಗಿ ವಸ್ತುಗಳಿಗಾಗಿ 46,000 ರೂಪಾಯಿ ಸಾಲ ಪಡೆದಿರುವುದಾಗಿಯೂ, ಮೂರು ಕಂತುಗಳ ನಂತರ ಕಟ್ಟದೆ ದಂಡಬಡ್ಡಿ ಸೇರಿ 51,000 ರೂಪಾಯಿ ಬಾಕಿ ಇರುವುದಾಗಿಯೂ ಅದರಲ್ಲಿ ನಮೂದಾಗಿತ್ತು.

"ನಾನು ಅಂಥಾ ಸಾಲಾ ತಗೊಂಡೇ ಇಲ್ರೀ ಸಾಹೇಬ್ರ" ಎಂದು ರೈತರು ಹೇಳಿದರು. ಅದು ನಿಜವೇ ಆಗಿತ್ತು. ಆದರೆ ವರದಿಯಲ್ಲಿ ಇದ್ದದ್ದು ಅವರದೇ ಹೆಸರು, ಅವರದೇ ಹುಟ್ಟಿದ ದಿನಾಂಕ, ಅವರದೇ ಪ್ಯಾನ್ ಸಂಖ್ಯೆ.

ವರದಿಯನ್ನು ಸಾವಧಾನವಾಗಿ ಓದಿದಾಗ ಎರಡು ಸಂಗತಿಗಳು ಕಂಡುಬಂದವು. ದೂರವಾಣಿ ಸಂಖ್ಯೆಗಳ ಕಾಲಮ್ಮಿನಲ್ಲಿ ಅವರಿಗೆ ಗೊತ್ತಿಲ್ಲದ ಒಂದು ಮೊಬೈಲ್ ಸಂಖ್ಯೆ ಇತ್ತು. ಸಾಲಕ್ಕಾಗಿ ಯಾವ ಯಾವ ಸಂಸ್ಥೆಗಳು ಎಂದು ವಿಚಾರಣೆ ಮಾಡಿದವು ಎಂದು ತೋರಿಸುವ ಭಾಗದಲ್ಲಿ, ಫೆಬ್ರವರಿಯ ಒಂದೇ ವಾರದಲ್ಲಿ ಮೂರು ವಿಚಾರಣೆಗಳು ನಡೆದಿದ್ದವು. ಆ ವಾರ ತಾವು ಕಾಗದಪತ್ರ ಕೊಟ್ಟದ್ದು ಯಾರಿಗೆ ಎಂದು ರೈತರು ನೆನಪು ಮಾಡಿಕೊಂಡರು. ಸಂತೆಯಲ್ಲಿ ಪರಿಚಯವಾದ ಏಜೆಂಟನೊಬ್ಬ ಹಳೆಯ ಟ್ರ್ಯಾಕ್ಟರ್ ಕೊಳ್ಳಲು ಸಾಲ ಕೊಡಿಸುತ್ತೇನೆಂದು ಆಧಾರ್, ಪ್ಯಾನ್, ಪಾಸ್ ಪುಸ್ತಕದ ಪ್ರತಿ, ರದ್ದು ಮಾಡಿದ ಒಂದು ಚೆಕ್ಕು, ಎರಡು ಫೋಟೋ, ಜೊತೆಗೆ ಭರ್ತಿ ಮಾಡದ ಎರಡು ನಮೂನೆಗಳ ಮೇಲೆ ಸಹಿ ಪಡೆದಿದ್ದನು. ಹದಿನೈದು ದಿನಗಳ ಮೇಲೆ "ಸಾಲ ಆಗಲಿಲ್ಲ" ಎಂದು ತಿಳಿಸಿದನು. ಕಾಗದಗಳನ್ನು ಹಿಂತಿರುಗಿಸಲಿಲ್ಲ, ಇವರೂ ಕೇಳಲಿಲ್ಲ.

ಆ ಸೆಟ್ಟಿನಿಂದ ಪೇಟೆಯ ಅಂಗಡಿಯೊಂದರಲ್ಲಿ ಒಂದು ಫ್ರಿಜ್ಜು, ಒಂದು ಟಿ.ವಿ. ಸಾಲದ ಮೇಲೆ ಹೊರಗೆ ಹೋಗಿದ್ದವು. ಸಾಲದ ಹಣ ನೇರವಾಗಿ ಅಂಗಡಿಗೆ ಸಂದಾಯವಾಗಿತ್ತು. ಗುಮಾನಿ ಬಾರದಿರಲೆಂದು ಮೊದಲ ಮೂರು ಕಂತುಗಳನ್ನು ಏಜೆಂಟನೇ ಕಟ್ಟಿದ್ದನು. ಬಾಕಿ ವಸೂಲಿಯ ಕರೆಗಳೆಲ್ಲ ಹೋದದ್ದು ಅರ್ಜಿಯಲ್ಲಿ ಬರೆದಿದ್ದ ಆ ಪರಕೀಯ ಮೊಬೈಲಿಗೆ.

ನಕಲು ಮೂಲಪತ್ರಕ್ಕೆ ಸಮನಾಗುವ ಬಗೆ

ಇಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಬರೀ ಜೆರಾಕ್ಸ್ ಪ್ರತಿಯ ಮೇಲೆ ಸಾಲ ಹೇಗೆ ಸಿಕ್ಕಿತು? ಆಧಾರಿಗೆ ಜೋಡಣೆಯಾದ ಮೊಬೈಲಿಗೆ ಓಟಿಪಿ ಬರಬೇಕಲ್ಲವೆ?

ಸಾಲ ಕೊಡುವ ಸಂಸ್ಥೆ ಆಧಾರ್ ಸಂಖ್ಯೆಯನ್ನು ಗಣಕಯಂತ್ರದ ಮೂಲಕ ದೃಢೀಕರಿಸಿದರೆ ಓಟಿಪಿ ಇಲ್ಲವೆ ಬೆರಳಚ್ಚು ಬೇಕೇ ಬೇಕು. ಆದರೆ ಕಾಗದದ ದಾರಿ ಬೇರೆ. ಅದರಲ್ಲಿ ಸಂಸ್ಥೆಯ ಪ್ರತಿನಿಧಿಯು ಮೂಲ ಪತ್ರವನ್ನು ಕಣ್ಣಾರೆ ನೋಡಿ, ಪ್ರತಿಯೊಡನೆ ತಾಳೆ ಮಾಡಿ, "ಮೂಲ ಪತ್ರ ನೋಡಿ ಪರಿಶೀಲಿಸಲಾಗಿದೆ" ಎಂಬ ಅರ್ಥದ ಮೊಹರು ಒತ್ತಿ ಸಹಿ ಮಾಡುತ್ತಾನೆ. ಮೊಹರು ಬಿದ್ದ ಮೇಲೆ ಆ ನಕಲಿಗೆ ಮೂಲಪತ್ರದ ಬೆಲೆ ಬರುತ್ತದೆ. ಮೊಹರು ಒತ್ತುವವನೇ ಮೋಸಗಾರನಾದರೆ, ಅಥವಾ ತಿಂಗಳ ಗುರಿ ಮುಟ್ಟುವ ಅವಸರದಲ್ಲಿ ಮೂಲಪತ್ರ ನೋಡದೆಯೇ ಒತ್ತಿದರೆ, ರೈತ ಮನೆಯಲ್ಲಿದ್ದರೂ ಅವನ ಹೆಸರಿನಲ್ಲಿ ಸಾಲ ಹುಟ್ಟುತ್ತದೆ.

ಆದ್ದರಿಂದ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಆಧಾರ್ ಪ್ರತಿಯೊಂದೇ ಪರರ ಕೈ ಸೇರಿದರೆ ಬ್ಯಾಂಕಿನಲ್ಲಿರುವ ಹಣ ಹೋಗುವುದಿಲ್ಲ. ಆ ಹೆದರಿಕೆ ಅನಾವಶ್ಯಕ. ನಕಲಿನ ಜೊತೆಗೆ ಇನ್ನೊಂದು ವಸ್ತು ಕೂಡಿದಾಗ ಮಾತ್ರ ಅಪಾಯ ಹುಟ್ಟುತ್ತದೆ. ಆ ಇನ್ನೊಂದು ವಸ್ತು ಸಹಿ ಮಾಡಿದ ಖಾಲಿ ನಮೂನೆಯಾಗಿರಬಹುದು, ಪ್ಯಾನ್ ಪ್ರತಿ ಮತ್ತು ಫೋಟೋ ಆಗಿರಬಹುದು, ಓಟಿಪಿ ಆಗಿರಬಹುದು, ಬೆರಳಚ್ಚು ಆಗಿರಬಹುದು. ಯಾರಿಗೆ ಎಷ್ಟು ಕೊಡಬೇಕೆಂದು ನಿರ್ಧರಿಸುವಾಗ, ಒಬ್ಬನ ಕೈಯಲ್ಲಿ ಇವು ಒಟ್ಟುಗೂಡದಂತೆ ನೋಡಿಕೊಳ್ಳಬೇಕು.

ಬೆರಳಚ್ಚಿನ ಸಂಗತಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಹಿಡಿದು ಬರುವ ಚಿಕ್ಕ ಯಂತ್ರದಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಈ ಮೂರು ಇದ್ದರೆ ಹಣ ತೆಗೆಯಬಹುದು. ಓಟಿಪಿ ಬೇಕಾಗಿಲ್ಲ. ಸಂಖ್ಯೆಯೂ ಬ್ಯಾಂಕಿನ ಹೆಸರೂ ಜೆರಾಕ್ಸ್ ಸೆಟ್ಟಿನಲ್ಲಿಯೇ ಸಿಗುತ್ತವೆ. ಬೆರಳಚ್ಚು ಎಲ್ಲಿ ಸಿಕ್ಕೀತು ಎಂದು ಕೇಳಬಹುದು. ಜಮೀನಿನ ಕ್ರಯಪತ್ರಗಳಲ್ಲಿ ಅದು ಮುದ್ರಿತವಾಗಿರುತ್ತದೆ. 2018ರಲ್ಲಿ ತೆಲಂಗಾಣದಲ್ಲಿ ಒಬ್ಬ ಸಿಮ್ ಮಾರಾಟಗಾರನು ನೋಂದಣಿ ಇಲಾಖೆಯ ಜಾಲತಾಣದಲ್ಲಿದ್ದ ಭೂ ದಸ್ತಾವೇಜುಗಳಿಂದ ಬೆರಳಚ್ಚುಗಳನ್ನು ಎತ್ತಿ, ರಬ್ಬರಿನಂಥ ಅಚ್ಚು ಮಾಡಿ, ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿದ ಪ್ರಕರಣ ಪತ್ತೆಯಾಯಿತು. 2023ರಲ್ಲಿ ನಮ್ಮ ರಾಜ್ಯದಲ್ಲಿಯೂ ನೋಂದಾಯಿತ ದಸ್ತಾವೇಜುಗಳ ಬೆರಳಚ್ಚಿನಿಂದ ಹಣ ತೆಗೆದ ಬಗ್ಗೆ ದೂರುಗಳು ಬಂದವು. ಹೀಗಾಗಿ ಕ್ರಯಪತ್ರದ ಪ್ರತಿಯನ್ನೂ ಆಧಾರ್ ಪ್ರತಿಯನ್ನೂ ಒಬ್ಬನೇ ಮಧ್ಯಸ್ಥನಿಗೆ ಕೊಡುವಾಗ, ಕ್ರಯಪತ್ರದ ಪ್ರತಿಯಲ್ಲಿ ಹೆಬ್ಬೆಟ್ಟಿನ ಗುರುತುಗಳ ಮೇಲೆ ಕಾಗದದ ಚೂರು ಇಟ್ಟು ಜೆರಾಕ್ಸ್ ಮಾಡಿಸುವುದು ಲೇಸು.

ಎಲ್ಲಿ ನಕಲು ಬೇಕು, ಎಲ್ಲಿ ಬೇಡ

ಕೇಳಿದ ಕಡೆಯೆಲ್ಲ ನಕಲಿನ ಅವಶ್ಯಕತೆ ಇರುವುದಿಲ್ಲ. ರೈತರು ಹೆಚ್ಚಾಗಿ ಹೋಗುವ ಸ್ಥಳಗಳನ್ನು ಗಮನಿಸೋಣ.

ರಸಗೊಬ್ಬರದ ಅಂಗಡಿಯಲ್ಲಿ ಸಹಾಯಧನದ ಗೊಬ್ಬರವನ್ನು ಯಂತ್ರದ ಮೂಲಕವೇ ಮಾರಬೇಕು. ಆ ಯಂತ್ರಕ್ಕೆ ಬೇಕಾದುದು ಆಧಾರ್ ಸಂಖ್ಯೆ ಮತ್ತು ಬೆರಳು, ಕಾಗದದ ಪ್ರತಿಯಲ್ಲ. "ದಾಖಲೆಗೆ ಇರಲಿ" ಎಂದು ಅಂಗಡಿಯವರು ಪ್ರತಿ ಕೇಳಿದರೆ ಸಂಖ್ಯೆಯನ್ನು ಬಾಯಲ್ಲಿ ಹೇಳಿ ಬೆರಳು ಇಟ್ಟರೆ ಸಾಕು. ಇಲ್ಲಿ ಪ್ರತಿಗಿಂತ ಹೆಚ್ಚು ಲಕ್ಷ್ಯ ಕೊಡಬೇಕಾದುದು ಯಂತ್ರದಿಂದ ಬರುವ ಚೀಟಿಗೆ. ನೀವು ಒಯ್ದದ್ದು 45 ಕಿಲೋಗ್ರಾಮಿನ ಮೂರು ಚೀಲ ಯೂರಿಯಾ ಆಗಿದ್ದು ಚೀಟಿಯಲ್ಲಿ ಎಂಟು ಚೀಲ ಎಂದಿದ್ದರೆ, ಉಳಿದ ಐದು ಚೀಲ ನಿಮ್ಮ ಹೆಸರಿನಲ್ಲಿ ಬೇರೆ ಕಡೆಗೆ ಹೋಗುತ್ತವೆ. ಸಹಾಯಧನದ ಯೂರಿಯಾ ಪ್ಲೈವುಡ್ ಅಂಟಿನಂಥ ಕೈಗಾರಿಕೆಗಳಿಗೆ ಕಳ್ಳದಾರಿಯಲ್ಲಿ ಸಾಗುವುದು ಹೀಗೆಯೇ. ಅತಿ ಹೆಚ್ಚು ಯೂರಿಯಾ ಕೊಂಡವರ ಪಟ್ಟಿ ಹಿಡಿದು ಅಧಿಕಾರಿಗಳು ತನಿಖೆಗೆ ಬಂದಾಗ ಉತ್ತರ ಹೇಳಬೇಕಾದವರು ಪಟ್ಟಿಯಲ್ಲಿ ಹೆಸರಿರುವ ರೈತರು. "ಬೆರಳು ಹತ್ತಲಿಲ್ಲ, ಇನ್ನೊಮ್ಮೆ ಇಡಿ" ಎಂದರೆ ಮೊದಲಿನ ಸಲ ಯಂತ್ರದ ಪರದೆಯ ಮೇಲೆ ಏನು ಬಂತು ಎಂದು ನೋಡಿಯೇ ಎರಡನೆಯ ಸಲ ಇಡಬೇಕು. ಕೆಲಸ ಮಾಡಿ ಸವೆದ ಬೆರಳು ನಿಜವಾಗಿಯೂ ಹತ್ತದಿರುವುದುಂಟು. ಆ ಮಾತೇ ಮೋಸಕ್ಕೂ ನೆಪವಾಗುತ್ತದೆ.

ಸಿಮ್ ಮಾರುವ ಅಂಗಡಿಯಲ್ಲಂತೂ ಜೆರಾಕ್ಸ್ ಪ್ರತಿಗೆ ಕೆಲಸವೇ ಇಲ್ಲ. ಕಾಗದದ ಅರ್ಜಿ ಮತ್ತು ನಕಲಿನ ಮೇಲೆ ಸಿಮ್ ಕೊಡುವ ಪದ್ಧತಿಯನ್ನು ಕೇಂದ್ರ ದೂರಸಂಪರ್ಕ ಇಲಾಖೆ 2024ರ ಜನವರಿ 1ರಿಂದ ನಿಲ್ಲಿಸಿದೆ. ಈಗ ಎಲ್ಲವೂ ಮೊಬೈಲಿನಲ್ಲಿಯೇ ನಡೆಯುತ್ತದೆ. ಆದಾಗ್ಯೂ ಪ್ರತಿ ಕೇಳಿದರೆ ಅದು ಹಳೆಯ ಅಭ್ಯಾಸ, ಇಲ್ಲವೆ ಬೇರೆ ಉದ್ದೇಶ.

ಕೃಷಿ, ತೋಟಗಾರಿಕೆ, ರೇಷ್ಮೆ ಇಲಾಖೆಗಳ ಸೌಲಭ್ಯಗಳಿಗೆ ಫ್ರೂಟ್ಸ್ ತಂತ್ರಾಂಶದ ರೈತ ಗುರುತಿನ ಸಂಖ್ಯೆ, ಅಂದರೆ ಎಫ್.ಐ.ಡಿ. ಇದೆ. ಆಧಾರ್, ಪಹಣಿ ಹಾಗೂ ಬ್ಯಾಂಕ್ ಖಾತೆಯ ವಿವರಗಳು ಅದರಲ್ಲಿ ಒಮ್ಮೆ ಸೇರಿದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಆ ಸಂಖ್ಯೆಯನ್ನು ಹೇಳಬಹುದು. ಪ್ರತಿ ಸಲವೂ ಸೆಟ್ ತರಲು ಹೇಳುವ ನಮ್ಮ ಕೆಲವು ಕ್ಷೇತ್ರ ಸಿಬ್ಬಂದಿ ಈ ರೂಢಿಯನ್ನು ಬಿಡುವುದು ಒಳ್ಳೆಯದು. ಆ ಸೆಟ್ಟುಗಳು ವರ್ಷದ ಕೊನೆಯಲ್ಲಿ ಕಚೇರಿಯ ಮೂಲೆಯಲ್ಲಿ ಬಿದ್ದು, ರದ್ದಿಯವನ ಗಾಡಿ ಸೇರುವುದನ್ನು ಕಂಡಿದ್ದೇವೆ.

ಇನ್ನು ಉಳಿಯುವುದು ಸಾಲ. ಸಾಲಕ್ಕೆ ಕಾಗದ ಕೊಡಲೇಬೇಕಾಗುತ್ತದೆ. ಅದನ್ನು ಬ್ಯಾಂಕಿನ ಅಥವಾ ಸಂಸ್ಥೆಯ ಕಚೇರಿಗೆ ಹೋಗಿ ಕೊಡುವುದು ಮೇಲು. ಸಂತೆಯಲ್ಲಿ, ಚಹಾದ ಅಂಗಡಿಯಲ್ಲಿ ಕೊಡಬಾರದು. ಭರ್ತಿ ಮಾಡದ ನಮೂನೆಯ ಮೇಲೆ ಸಹಿಯಂತೂ ಸಲ್ಲದು. ಪಹಣಿಯ ವಿಷಯಕ್ಕೆ ಬಂದರೆ, ಸರ್ವೆ ನಂಬರು ಗೊತ್ತಿದ್ದವರು ಯಾರು ಬೇಕಾದರೂ ಅದನ್ನು ಪಡೆಯಬಹುದಾದುದರಿಂದ ಗುಟ್ಟಾಗಿಡುವ ಪತ್ರ ಅದಲ್ಲ. ಜೋಪಾನ ಮಾಡಬೇಕಾದದ್ದು ಪ್ಯಾನ್ ಪ್ರತಿಯನ್ನು. ಸಾಲದ ವರದಿ ತೆಗೆಯುವುದಕ್ಕೂ ಹೊಸ ಸಾಲದ ಅರ್ಜಿಗೂ ಅದೇ ಕೀಲಿ. ಬೀಜ, ಗೊಬ್ಬರ, ಸಿಮ್ ಇವು ಯಾವುದಕ್ಕೂ ಪ್ಯಾನ್ ಪ್ರತಿ ಬೇಡ.

ಪ್ರತಿಯ ಮೇಲೆ ಬರೆಯುವ ಕ್ರಮ

ಮೇಲೆ ಹೇಳಿದ ರೈತರ ಮಗಳು ಕಾಲೇಜಿನಲ್ಲಿ ಓದುವವಳು. ಅಂದು ಆಧಾರ್ ಪ್ರತಿಯ ಕೆಳಗಡೆ ಖಾಲಿ ಜಾಗದಲ್ಲಿ "ಟ್ರ್ಯಾಕ್ಟರ್ ಸಾಲಕ್ಕಾಗಿ ಮಾತ್ರ" ಎಂದು ಬರೆದು ಕೊಟ್ಟಿದ್ದಳು. ಬುದ್ಧಿವಂತಿಕೆಯ ಕೆಲಸವೇ. ಆದರೆ ನಂತರ ಹಣಕಾಸು ಸಂಸ್ಥೆಯಿಂದ ಕಡತದ ಪ್ರತಿಯನ್ನು ತರಿಸಿ ನೋಡಿದಾಗ ಆ ಹಾಳೆ ಎರಡು ಬೆರಳಿನಷ್ಟು ಗಿಡ್ಡವಾಗಿತ್ತು. ಬರಹವಿದ್ದ ಅಂಚನ್ನು ಕತ್ತರಿಸಿ ಮತ್ತೊಮ್ಮೆ ಜೆರಾಕ್ಸ್ ಮಾಡಲಾಗಿತ್ತು. ಕೆಲವು ಅಕ್ಷರಗಳ ತಲೆಕಟ್ಟು ಮಾತ್ರ ಕೆಳಗಿನ ಗೆರೆಯಲ್ಲಿ ಉಳಿದಿತ್ತು. ಮುಂದೆ ಅದೇ ಸಾಕ್ಷಿಯಾಯಿತು ಎಂಬುದು ಬೇರೆ ಮಾತು.

ಆದ್ದರಿಂದ ಬರಹವು ಖಾಲಿ ಅಂಚಿನಲ್ಲಿ ಇರಬಾರದು. ಮುದ್ರಿತ ವಿವರಗಳ ಮೇಲೆಯೇ ಹಾದುಹೋಗಬೇಕು. ಪ್ರತಿಯ ಎಡಗಡೆಯ ಕೆಳಮೂಲೆಯಿಂದ ಬಲಗಡೆಯ ಮೇಲ್ಮೂಲೆಗೆ ಒಂದು ಅಂಗುಲ ಅಂತರದಲ್ಲಿ ಎರಡು ಓರೆ ಗೆರೆಗಳನ್ನು ಎಳೆಯಬೇಕು. ಅವುಗಳ ನಡುವೆ, ವಿಳಾಸದ ಮತ್ತು ಹೆಸರಿನ ಅಕ್ಷರಗಳಿಗೆ ತಾಗುವಂತೆ, ಆದರೆ ಅವನ್ನು ಓದಲು ಅಡ್ಡಿಯಾಗದಂತೆ, ಬಾಲ್ ಪೆನ್ನಿನಿಂದ ಹೀಗೆ ಬರೆಯಬೇಕು: "ಹಸು ಸಾಲದ ಅರ್ಜಿಗಾಗಿ ಮಾತ್ರ, ಇಂಥ ಬ್ಯಾಂಕಿನ ಇಂಥ ಶಾಖೆಗೆ, ದಿನಾಂಕ ಇಷ್ಟು." ಬ್ಯಾಂಕಿನ ಹೆಸರು, ಊರು, ದಿನಾಂಕ ಈ ಮೂರನ್ನು ಬಿಡಬಾರದು. "ಸಾಲಕ್ಕಾಗಿ" ಎಂದಷ್ಟೇ ಬರೆದರೆ ಅದು ಯಾವ ಸಾಲಕ್ಕೂ ಹೊಂದುತ್ತದೆ. ಬಳಿಕ ಅರ್ಧ ಫೋಟೋದ ಮೇಲೆ, ಅರ್ಧ ಕಾಗದದ ಮೇಲೆ ಬರುವಂತೆ ಸಹಿ ಮಾಡಬೇಕು. ಸಹಿ ಬಾರದವರು ಇಲ್ಲಿ ಹೆಬ್ಬೆಟ್ಟು ಒತ್ತದೆ, ಮನೆಯ ಓದುಬರಹ ಬಲ್ಲವರಿಂದ ಉದ್ದೇಶ ಬರೆಸಿದರೆ ಸಾಕು. ಹೆಬ್ಬೆಟ್ಟು ಕೊಟ್ಟರೆ ಬೇಡದ್ದನ್ನೇ ಕೊಟ್ಟಂತಾಗುತ್ತದೆ.

ಹೀಗೆ ಬರೆದ ಪ್ರತಿಯನ್ನು ಎಷ್ಟು ಸಲ ಮರುಜೆರಾಕ್ಸ್ ಮಾಡಿದರೂ ಬರಹ ಅದರೊಡನೆ ಸಾಗುತ್ತದೆ. ಗಣಕಯಂತ್ರದಲ್ಲಿ ಅಳಿಸಬಲ್ಲವರು ಇದ್ದಾರೆ ಎಂಬುದು ನಿಜ. ಆದರೆ ಮೊಹರು ಒತ್ತಿ ತಿಂಗಳಿಗೆ ಹತ್ತಾರು ಅರ್ಜಿ ಸಾಗಿಸುವವನು ಅಷ್ಟು ಶ್ರಮಪಡುವುದು ಅಪರೂಪ. ಬರಹವಿಲ್ಲದ ಪ್ರತಿ ಬೇಕಾದಷ್ಟು ಸಿಗುವಾಗ ಅವನು ಅದನ್ನೇ ಆರಿಸುತ್ತಾನೆ. ಅಲ್ಲದೆ ದುರುಪಯೋಗ ನಡೆದರೂ ಪ್ರತಿ ಯಾರ ಕೈಯಿಂದ ಹೊರಟಿತು ಎಂಬುದು ಬರಹದಿಂದ ತಿಳಿಯುತ್ತದೆ.

ಆಧಾರ್ ಸಂಖ್ಯೆಯನ್ನು ಮರೆಮಾಡುವುದು

ಕೇವಲ ಗುರುತು ಅಥವಾ ವಿಳಾಸ ತೋರಿಸಬೇಕಾದಲ್ಲಿ ಹನ್ನೆರಡು ಅಂಕಿಗಳೂ ಕಾಣಬೇಕಾಗಿಲ್ಲ. ಕೊನೆಯ ನಾಲ್ಕು ಸಾಕು. ಬ್ಯಾಂಕುಗಳಿಗೆ ಸಹ, ಆಧಾರ್ ದೃಢೀಕರಣ ಬೇಕಿಲ್ಲದ ಸಂದರ್ಭದಲ್ಲಿ ಗ್ರಾಹಕರು ಸಂಖ್ಯೆಯನ್ನು ಮರೆಮಾಡಿಯೇ ಪ್ರತಿ ಕೊಡುವಂತೆ ನೋಡಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಸಹಾಯಧನ ಖಾತೆಗೆ ಬರುವಂಥ ಕೆಲಸಗಳಿಗೆ ಪೂರ್ಣ ಸಂಖ್ಯೆ ಬೇಕಾಗುತ್ತದೆ. ಅಲ್ಲಿ ಮರೆಮಾಡಿದ ಪ್ರತಿ ನಡೆಯುವುದಿಲ್ಲ.

ಮರೆಮಾಡಿದ ಆಧಾರನ್ನು myaadhaar.uidai.gov.in ತಾಣದಲ್ಲಿ ಪಡೆಯಬಹುದು. ಆಧಾರಿಗೆ ಜೋಡಿಸಿದ ಮೊಬೈಲಿಗೆ ಬರುವ ಓಟಿಪಿಯಿಂದ ಒಳಹೊಕ್ಕು, ಇಳಿಸಿಕೊಳ್ಳುವಾಗ Masked Aadhaar ಎಂಬಲ್ಲಿ ಗುರುತು ಹಾಕಬೇಕು. ಕಡತ ತೆರೆಯಲು ಬೇಕಾಗುವ ಗುಪ್ತಪದವು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರಗಳು ಮತ್ತು ಹುಟ್ಟಿದ ಇಸವಿ. ಬಸವರಾಜ ಎಂಬವರು 1971ರಲ್ಲಿ ಹುಟ್ಟಿದ್ದರೆ BASA1971 ಎಂದಾಗುತ್ತದೆ.

ಮೊಬೈಲ್ ಜೋಡಣೆಯಾಗದವರು ಕೈಯಿಂದಲೇ ಇದನ್ನು ಮಾಡಿಕೊಳ್ಳಬಹುದು. ಪ್ರತಿಯ ಮೇಲೆ ಮೊದಲ ಎಂಟು ಅಂಕಿಗಳನ್ನು ಕಪ್ಪು ಸ್ಕೆಚ್ ಪೆನ್ನಿನಿಂದ ಬಳಿಯಬೇಕು. ಸಂಖ್ಯೆ ಒಂದಕ್ಕಿಂತ ಹೆಚ್ಚು ಕಡೆ ಅಚ್ಚಾಗಿರುತ್ತದೆ, ಹಿಂಬದಿಯನ್ನೂ ನೋಡಬೇಕು. ಅದರ ಕೆಳಗೆ VID ಎಂದು ಹದಿನಾರು ಅಂಕಿಗಳಿದ್ದರೆ ಅವನ್ನೂ ಬಳಿಯಬೇಕು. ಹಳೆಯ ಆಧಾರ್ ಪತ್ರಗಳಲ್ಲಿ ಚೌಕಾಕಾರದ ಕ್ಯೂಆರ್ ಗುರುತಿನೊಳಗೆ ಪೂರ್ಣ ಸಂಖ್ಯೆ ಅಡಗಿದ್ದು, ಸಾಮಾನ್ಯ ಮೊಬೈಲಿನಲ್ಲಿಯೇ ಅದನ್ನು ಓದಬಹುದು. ಆದ್ದರಿಂದ ಹಳೆಯ ಪತ್ರವಾದರೆ ಆ ಚೌಕವನ್ನೂ ಮುಚ್ಚಬೇಕು. ಬಳಿದ ಹಾಳೆಯನ್ನು ಬೆಳಕಿಗೆ ಹಿಡಿದರೆ ಅಂಕಿಗಳು ಕಾಣುತ್ತವೆ. ಅದಕ್ಕಾಗಿ ಬಳಿದ ಹಾಳೆಯನ್ನು ಮನೆಯಲ್ಲಿಟ್ಟುಕೊಂಡು, ಅದರ ಜೆರಾಕ್ಸನ್ನು ಹೊರಗೆ ಕೊಡಬೇಕು. ಒಮ್ಮೆ ಮಾಡಿಟ್ಟರೆ ವರ್ಷವೆಲ್ಲ ಬರುತ್ತದೆ.

ಈ ವಿಷಯದಲ್ಲಿ 2022ರಲ್ಲಿ ಒಂದು ಗೊಂದಲ ಉಂಟಾಗಿತ್ತು. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಮೇ 27ರಂದು, ಯಾವ ಸಂಸ್ಥೆಗೂ ಆಧಾರ್ ಪ್ರತಿ ಕೊಡಬೇಡಿ, ಬದಲಿಗೆ ಮರೆಮಾಡಿದ ಆಧಾರ್ ಬಳಸಿ ಎಂದು ಪ್ರಕಟಣೆ ಹೊರಡಿಸಿತು. ಜನ ಗಾಬರಿಯಾದರು. ಎರಡೇ ದಿನಗಳಲ್ಲಿ, ಮೇ 29ರಂದು, ತಪ್ಪು ಅರ್ಥಕ್ಕೆ ಆಸ್ಪದವಿದೆ ಎಂದು ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಪ್ರಕಟಣೆ ಹಿಂದಕ್ಕೆ ಹೋದರೂ ಮರೆಮಾಡಿದ ಆಧಾರಿನ ಸೌಲಭ್ಯ ಹಾಗೆಯೇ ಉಳಿದಿದೆ.

ಜೆರಾಕ್ಸ್ ಅಂಗಡಿಯ ಬಗ್ಗೆಯೂ ಒಂದು ಮಾತು. ಮಸಿ ಸರಿಯಾಗಿ ಹತ್ತದ ಪ್ರತಿಗಳನ್ನು ಅಲ್ಲಿಯೇ ಬುಟ್ಟಿಗೆ ಹಾಕುವ ರೂಢಿಯಿದೆ. ಅವನ್ನೂ ಕೇಳಿ ತರಬೇಕು. ವಾಟ್ಸಾಪಿನಲ್ಲಿ ಕಳಿಸಿ ಮುದ್ರಿಸಿದ್ದಾದರೆ, ಅವರ ಗಣಕಯಂತ್ರದಲ್ಲಿ ಇಳಿದ ಕಡತವನ್ನು ಎದುರಿಗೇ ಅಳಿಸಲು ಹೇಳಬೇಕು.

ದುರುಪಯೋಗವನ್ನು ಪತ್ತೆಹಚ್ಚುವುದು

ಈಗಾಗಲೇ ಹೊರಗೆ ಹೋದ ಪ್ರತಿಗಳನ್ನು ಹಿಂದಕ್ಕೆ ತರುವಂತಿಲ್ಲ. ಅವುಗಳಿಂದ ಏನಾದರೂ ನಡೆದಿದೆಯೇ ಎಂದು ನೋಡಿಕೊಳ್ಳಬಹುದು. ಸಾಲದ ವರದಿ ಕೊಡುವ ಸಂಸ್ಥೆಗಳು ನಾಲ್ಕು ಇವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಪ್ರತಿಯೊಂದೂ ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೊಮ್ಮೆ ಒಂದೊಂದು ಸಂಸ್ಥೆಯಿಂದ ತೆಗೆದರೆ ವರ್ಷವಿಡೀ ಖರ್ಚಿಲ್ಲದೆ ಕಣ್ಣಿಟ್ಟಂತಾಗುತ್ತದೆ. ತಾಣಗಳಲ್ಲಿ ಹಣ ಕೊಟ್ಟು ಪಡೆಯುವ ಯೋಜನೆಗಳೂ ಮುಂದೆ ಬರುತ್ತವೆ, ಅವು ಬೇಕಾಗಿಲ್ಲ. ವರದಿಯಲ್ಲಿ ಗೊತ್ತಿಲ್ಲದ ಸಾಲ, ಗೊತ್ತಿಲ್ಲದ ಮೊಬೈಲ್, ಅರ್ಜಿಯನ್ನೇ ಹಾಕದ ಸಂಸ್ಥೆಯ ವಿಚಾರಣೆ ಈ ಮೂರನ್ನು ಹುಡುಕಬೇಕು. "ಜಾಮೀನುದಾರ" ಎಂದು ಬಂದಿದ್ದರೆ ಅದು ನೀವೇ ನೆಂಟರಿಗೆ ಸಹಿ ಹಾಕಿದ್ದಿರಬಹುದು, ನೆನಪಿಸಿಕೊಳ್ಳಬೇಕು.

ಪಾಸ್ ಪುಸ್ತಕವೂ ಸುಳಿವು ಕೊಡುತ್ತದೆ. ನಮ್ಮ ರೈತರ ಪುಸ್ತಕದಲ್ಲಿ 2023ರ ಜೂನ್ ಮತ್ತು ಜುಲೈನಲ್ಲಿ 295 ರೂಪಾಯಿ ಎರಡು ಸಲ ಕಡಿತವಾಗಿತ್ತು. ಎದುರಿಗೆ ACH ಎಂಬ ಅಕ್ಷರಗಳಿದ್ದವು. ಏಜೆಂಟ್ ಕಂತು ನಿಲ್ಲಿಸಿದ ಮೇಲೆ, ಸಹಿ ಮಾಡಿಸಿಕೊಂಡ ಖಾಲಿ ನಮೂನೆಯ ಬಲದಿಂದ ಸಂಸ್ಥೆಯು ಇವರ ಖಾತೆಯಿಂದ ಕಂತು ಎಳೆಯಲು ಯತ್ನಿಸಿತ್ತು. ಹಣ ಸಾಲದೆ ವಾಪಸಾದದ್ದಕ್ಕೆ ಬ್ಯಾಂಕು ಹಾಕಿದ ದಂಡ ಅದು. ಬ್ಯಾಂಕಿನವರು ಏನೋ ಹಿಡಿದಿದ್ದಾರೆ ಎಂದು ಇವರು ಸುಮ್ಮನಾಗಿದ್ದರು. ಅಂದೇ ಕೇಳಿದ್ದರೆ ಒಂದು ವರ್ಷ ಮೊದಲೇ ವಿಷಯ ಬಯಲಾಗುತ್ತಿತ್ತು.

ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು sancharsaathi.gov.in ತಾಣದಲ್ಲಿ ನೋಡಬಹುದು. ನಿಮ್ಮದಲ್ಲದ ಸಂಖ್ಯೆಯ ಎದುರು Not My Number ಎಂದು ಗುರುತು ಹಾಕಿದರೆ ಅದರ ಪರಿಶೀಲನೆ ಆರಂಭವಾಗುತ್ತದೆ. ಆಧಾರ್ ತಾಣದಲ್ಲಿ ಕಳೆದ ಆರು ತಿಂಗಳಲ್ಲಿ ಎಲ್ಲೆಲ್ಲಿ ದೃಢೀಕರಣ ನಡೆಯಿತು, ಬೆರಳಿನಿಂದಲೋ ಓಟಿಪಿಯಿಂದಲೋ ಎಂಬ ಪಟ್ಟಿ ಸಿಗುತ್ತದೆ. ಅಲ್ಲಿಯೇ ಬೆರಳಚ್ಚಿಗೆ ಬೀಗ ಹಾಕುವ ಅನುಕೂಲವೂ ಇದೆ. ಬೀಗ ಹಾಕಿದರೆ ಬ್ಯಾಂಕ್ ಮಿತ್ರರ ಯಂತ್ರದಲ್ಲಿ ಕಳ್ಳ ಬೆರಳು ನಡೆಯುವುದಿಲ್ಲ. ಆದರೆ ನಿಮ್ಮ ಬೆರಳೂ ನಡೆಯುವುದಿಲ್ಲ. ಗೊಬ್ಬರಕ್ಕೆ, ಪಡಿತರಕ್ಕೆ ಹೋಗುವ ಮೊದಲು ಬೀಗ ತೆಗೆಯುವುದನ್ನು ಮರೆತು ಅಂಗಡಿಯಲ್ಲಿ ಒದ್ದಾಡಿದವರಿದ್ದಾರೆ. ಮನೆಯಲ್ಲಿ ಮೊಬೈಲ್ ಬಳಕೆ ಚೆನ್ನಾಗಿ ಬಲ್ಲವರಿದ್ದರೆ ಮಾತ್ರ ಇದನ್ನು ಮಾಡುವುದು ಸೂಕ್ತ.

ಸುಳ್ಳು ಸಾಲ ಕಂಡುಬಂದರೆ

ಮೊದಲು ಸಾಲ ಕೊಟ್ಟ ಸಂಸ್ಥೆಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ದೂರಿನಲ್ಲಿ ಅರ್ಜಿಯ ಪ್ರತಿ, ಗುರುತಿನ ಪತ್ರಗಳ ಪ್ರತಿ, ಹಣ ಸಂದಾಯವಾದ ಖಾತೆ ಅಥವಾ ಅಂಗಡಿಯ ಬಿಲ್ಲು ಇವುಗಳನ್ನು ಕೇಳಬೇಕು. ಅದೇ ದಿನ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬೇಕು. ಬೇರೆಯವರ ಗುರುತನ್ನು ಮೋಸದಿಂದ ಗಣಕಯಂತ್ರದ ಮೂಲಕ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷಗಳವರೆಗೆ ಸಜೆಯಾಗುವ ಅಪರಾಧ. ಖಾತೆಯಿಂದ ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ನಂತರ ವರದಿ ಕೊಟ್ಟ ಸಂಸ್ಥೆಗೂ ತಕರಾರು ಸಲ್ಲಿಸಬೇಕು. ವಸೂಲಿಗೆ ಬಂದವರು "ಒಂದು ಕಂತು ಕಟ್ಟಿ, ಮುಂದಿನದನ್ನು ನೋಡೋಣ" ಎನ್ನುವುದುಂಟು. ಕಟ್ಟಿದರೆ ಸಾಲವನ್ನು ಒಪ್ಪಿಕೊಂಡಂತೆ ಅರ್ಥವಾಗುವ ಸಂಭವವಿದೆ. ಸಂಸ್ಥೆ 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಮೂಲಕ ಶುಲ್ಕವಿಲ್ಲದೆ ದೂರು ಕೊಡಬಹುದು.

ವರದಿಯಲ್ಲಿನ ತಪ್ಪನ್ನು 30 ದಿನಗಳೊಳಗೆ ಸರಿಪಡಿಸದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರಿನಲ್ಲಿ ನಿಯಮ ಮಾಡಿದೆ. ಹಾವೇರಿಯ ರೈತರ ತಕರಾರು ಇತ್ಯರ್ಥವಾಗಲು 47 ದಿನಗಳು ಹಿಡಿದವು. ಅಂಚು ಕತ್ತರಿಸಿದ ಪ್ರತಿ, ಅಂಗಡಿಯ ಬಿಲ್ಲಿನಲ್ಲಿದ್ದ ಬೇರೆ ಮೊಬೈಲ್ ಸಂಖ್ಯೆ ಇವೆರಡನ್ನು ಮುಂದಿಟ್ಟ ಮೇಲೆ ಸಂಸ್ಥೆ ಸಾಲವನ್ನು ಅವರ ಹೆಸರಿನಿಂದ ತೆಗೆಯಿತು. ಹೆಚ್ಚಾದ 17 ದಿನಗಳಿಗೆ 1,700 ರೂಪಾಯಿ ಬಂತು. ಹಸುವಿನ ಸಾಲ ಮಂಜೂರಾದದ್ದು ಅಕ್ಟೋಬರಿನಲ್ಲಿ. ಮಳೆಗಾಲದ ಹಸಿಮೇವಿನ ಕಾಲ ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು. ಆ ವರ್ಷ ಅವರು ಹಸುಗಳಿಗೆ ಒಣಮೇವು ಕೊಂಡು ಹಾಕಬೇಕಾಯಿತು.